ಸಮಸ್ಯಾ ಪ್ರಶ್ನೆಗೆ ಉತ್ತರದ ಚೌಕಟ್ಟು: ತೆರೆದ ಪುಸ್ತಕದ ಕಾನೂನು ಪರೀಕ್ಷೆಗೆ ಒಂದು ಹಾಳೆ

ಪ್ರಶ್ನೆ: ನಮಗೆ ಕರಾರು ಕಾನೂನಿನ ಪರೀಕ್ಷೆ ಈ ಬಾರಿ ತೆರೆದ ಪುಸ್ತಕದ್ದು. ಮೂರು ಗಂಟೆ, ಮೂರು ಸಮಸ್ಯಾ ಪ್ರಶ್ನೆಗಳು. ಕಳೆದ ಸಲ ದಪ್ಪನೆಯ ನೋಟ್ಸ್ ಒಯ್ದಿದ್ದೆ, ಆದರೂ ಅರ್ಧದಷ್ಟು ವಿವಾದಾಂಶಗಳು ಕಣ್ಣಿಗೇ ಬೀಳಲಿಲ್ಲ. ಕಂಡವುಗಳ ಪಕ್ಕದಲ್ಲಿ ಮೌಲ್ಯಮಾಪಕರು "ನಿಯಮ ಇದೆ, ಅನ್ವಯ ಇಲ್ಲ" ಎಂದು ಬರೆದಿದ್ದರು. ಉತ್ತರದ ಟೆಂಪ್ಲೇಟ್ ಒಂದನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಬಹುದೆ ಸರ್? ಅದರಲ್ಲಿ ಏನೇನು ಇರಬೇಕು?

ಉತ್ತರ: ಪರೀಕ್ಷೆಯ ನಿಯಮಗಳು ಅವಕಾಶ ಕೊಡುವುದಾದರೆ ಖಂಡಿತ ಸಿದ್ಧಮಾಡಿಕೊಳ್ಳಿ. ಆದರೆ ಆ ಟೆಂಪ್ಲೇಟಿನಲ್ಲಿ ಉತ್ತರ ಇರಬಾರದು. ಯಾವ ಸಂಗತಿ ಕಂಡಾಗ ಯಾವ ಪ್ರಶ್ನೆ ಕೇಳಿಕೊಳ್ಳಬೇಕು, ಆ ಪ್ರಶ್ನೆಗೆ ಸಂಬಂಧಿಸಿದ ನಿಯಮ ಯಾವುದು, ನಿರ್ಣಯ ಯಾವ ಎರಡು ದಿಕ್ಕಿಗೆ ಹೋಗಬಹುದು ಎಂಬ ಮೂರು ಅಂಶಗಳು ಮಾತ್ರ ಅದರಲ್ಲಿರಬೇಕು. ಅನ್ವಯದ ಜಾಗ ಖಾಲಿಯಾಗಿಯೇ ಇರಬೇಕು, ಏಕೆಂದರೆ ಅದನ್ನು ತುಂಬಬೇಕಾದದ್ದು ಪರೀಕ್ಷೆಯ ದಿನ ನಿಮ್ಮ ಮುಂದೆ ಬರುವ ಸಂಗತಿಗಳಿಂದ. ಹೆಚ್ಚಿನವರು ಇದರ ತಿರುವುಮುರುವು ಮಾಡುತ್ತಾರೆ. ಮನೆಯಲ್ಲಿ ಕುಳಿತು ಅಂದವಾದ ಪ್ಯಾರಾಗಳನ್ನು ಬರೆದುಕೊಂಡು ಬಂದು, ಪರೀಕ್ಷಾ ಕೊಠಡಿಯಲ್ಲಿ ಅವುಗಳ ನಡುವೆ ಪಕ್ಷಗಾರರ ಹೆಸರುಗಳನ್ನು ಸೇರಿಸುತ್ತಾರೆ. ನಿಮ್ಮ ಮೌಲ್ಯಮಾಪಕರು ಗುರುತಿಸಿದ ದೋಷ ಹುಟ್ಟುವುದೇ ಅಲ್ಲಿ.

ಎಲ್ಲ ವಿಷಯಗಳನ್ನೂ ಇಲ್ಲಿ ತೆಗೆದುಕೊಳ್ಳಲು ಹೋಗುವುದಿಲ್ಲ. ಕರಾರು ಹೇಗೆ ಉಂಟಾಗುತ್ತದೆ ಎಂಬ ಒಂದೇ ವಿಷಯವನ್ನು, ಅಂದರೆ ಪ್ರಸ್ತಾವ, ಅಂಗೀಕಾರ ಮತ್ತು ಪ್ರಸ್ತಾವದ ಹಿಂತೆಗೆತವನ್ನು ಹಿಡಿದುಕೊಂಡು ಹಾಳೆಯನ್ನು ಕಟ್ಟುವ ಕ್ರಮವನ್ನು ತೋರಿಸುತ್ತೇನೆ. ಉಲ್ಲೇಖಿಸುವ ತೀರ್ಪುಗಳೆಲ್ಲ ಕಾಮನ್ ಲಾ ಪದ್ಧತಿಯ ಪಠ್ಯಗಳಲ್ಲಿ ಸಾಮಾನ್ಯವಾಗಿ ಓದಿಸುವ ಇಂಗ್ಲಿಷ್ ತೀರ್ಪುಗಳು. ನಿಮ್ಮ ಪಠ್ಯದಲ್ಲಿ ಇದಕ್ಕೊಂದು ಶಾಸನವಿದ್ದರೆ ನಿಯಮದ ಜಾಗದಲ್ಲಿ ಮೊದಲು ಅದರ ಕಲಂ ಬರಬೇಕು, ತೀರ್ಪು ಅದರ ನಂತರ.

ಮೊದಲಿಗೆ, ನಿಮ್ಮ ದಪ್ಪನೆಯ ನೋಟ್ಸ್ ಏಕೆ ಕೈಕೊಟ್ಟಿತು ಎಂಬುದನ್ನು ನೋಡೋಣ. ನೋಟ್ಸ್ ಇರುವುದು ಅಧ್ಯಾಯಗಳ ಕ್ರಮದಲ್ಲಿ: ಪ್ರಸ್ತಾವ ಎಂದರೇನು, ಪ್ರತಿಪ್ರಸ್ತಾವ ಎಂದರೇನು, ಹಿಂತೆಗೆತ ಯಾವಾಗ ಜಾರಿಗೆ ಬರುತ್ತದೆ, ಹೀಗೆ. ಪ್ರಶ್ನೆಪತ್ರಿಕೆ ಬರುವುದು ಘಟನೆಗಳ ಕ್ರಮದಲ್ಲಿ. ಅಲ್ಲಿ ಯಾರೂ "ಪ್ರತಿಪ್ರಸ್ತಾವ" ಎಂಬ ಪದವನ್ನು ಬಳಸುವುದಿಲ್ಲ, "ಹಣವನ್ನು ಎರಡು ಕಂತುಗಳಲ್ಲಿ ಕೊಡಬಹುದೆ?" ಎಂದು ಒಬ್ಬರು ಇನ್ನೊಬ್ಬರಿಗೆ ಬರೆದರು ಎಂದಷ್ಟೇ ಇರುತ್ತದೆ. ಈ ವಾಕ್ಯವನ್ನು ಓದಿದ ಕೂಡಲೇ ಪ್ರತಿಪ್ರಸ್ತಾವದ ಪುಟ ನೆನಪಾಗದಿದ್ದರೆ, ಆ ಪುಟ ನಿಮ್ಮ ಮೇಜಿನ ಮೇಲೆ ತೆರೆದೇ ಇದ್ದರೂ ಪ್ರಯೋಜನವಿಲ್ಲ. ಹೀಗಾಗಿ ಹಾಳೆಯ ಎಡ ಅಂಚಿನಲ್ಲಿ ಇರಬೇಕಾದದ್ದು ಕಾನೂನಿನ ಪರಿಭಾಷೆಯಲ್ಲ, ಸಂಗತಿಗಳು ಪ್ರಶ್ನೆಪತ್ರಿಕೆಯಲ್ಲಿ ತೊಟ್ಟು ಬರುವ ವೇಷ. ಇವನ್ನು ನಾನು ಸುಳಿವುಗಳು ಎಂದು ಕರೆಯುತ್ತೇನೆ.

ಸುಳಿವುಗಳನ್ನು ಪಠ್ಯಪುಸ್ತಕದಿಂದ ತೆಗೆಯಲು ಬರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ತೆಗೆಯಬೇಕು. ಒಂದು ಹಳೆಯ ಸಮಸ್ಯಾ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅದರ ಒಂದೊಂದು ವಾಕ್ಯದ ಎದುರಿಗೂ "ಪ್ರಶ್ನೆ ತೆಗೆದವರು ಈ ವಾಕ್ಯವನ್ನು ಏಕೆ ಬರೆದರು? ಇದನ್ನು ಅಳಿಸಿದರೆ ಉತ್ತರದಲ್ಲಿ ಏನು ಬದಲಾಗುತ್ತದೆ?" ಎಂದು ಕೇಳಿಕೊಳ್ಳಿ. ಏನೋ ಬದಲಾಗುತ್ತದೆ ಎಂದಾದರೆ ಅಲ್ಲೊಂದು ವಿವಾದಾಂಶವಿದೆ, ಆ ವಾಕ್ಯದ ಸಾಮಾನ್ಯ ರೂಪವೇ ನಿಮ್ಮ ಸುಳಿವು. ಒಂದೇ ವಿಷಯದ ಮೇಲೆ ಬಂದ ಹಲವು ಪ್ರಶ್ನೆಗಳನ್ನು ಹೀಗೆ ಬಿಡಿಸಿದಾಗ ಅವೇ ವೇಷಗಳು ಮರುಕಳಿಸುವುದು ಕಾಣಿಸತೊಡಗುತ್ತದೆ: ಜಾಹೀರಾತು ಅಥವಾ ದರಪಟ್ಟಿ, "ಇಂಥ ದಿನದವರೆಗೆ ಕಾದಿರಿಸುತ್ತೇನೆ" ಎಂಬ ಭರವಸೆ, ಉತ್ತರದಲ್ಲಿ ಹೊಸದೊಂದು ಷರತ್ತು ಅಥವಾ ವಿಚಾರಣೆ, ಅಂಚೆಗೆ ಹಾಕಿದ ಪತ್ರ, ಬೇರೊಬ್ಬರ ಬಾಯಿಂದ ಕೇಳಿಬಂದ ಸುದ್ದಿ, ಉತ್ತರವೇ ಕೊಡದ ಮೌನ.

ಇನ್ನು ಒಂದು ಸಾಲನ್ನು ಪೂರ್ತಿಯಾಗಿ ಕಟ್ಟಿ ತೋರಿಸುತ್ತೇನೆ. ಪ್ರತಿಪ್ರಸ್ತಾವಕ್ಕೆ ಸಂಬಂಧಿಸಿದ ಸಾಲು ಹಾಳೆಯ ಮೇಲೆ ಹೀಗಿರುತ್ತದೆ:

ಸುಳಿವು: ಪ್ರಸ್ತಾವ ಪಡೆದವರು ಬೆಲೆ, ಅವಧಿ, ಪಾವತಿ ಅಥವಾ ಸಾಗಣೆಯ ವಿಷಯದಲ್ಲಿ ಬೇರೇನನ್ನೋ ಹೇಳುತ್ತಾರೆ ಅಥವಾ ಕೇಳುತ್ತಾರೆ.
ಪ್ರಶ್ನೆ: ಇದು ಮೂಲ ಪ್ರಸ್ತಾವವನ್ನು ಕೊನೆಗಾಣಿಸಿದ ಪ್ರತಿಪ್ರಸ್ತಾವವೆ, ಇಲ್ಲವೇ ಮಾಹಿತಿಗಾಗಿ ಮಾಡಿದ ವಿಚಾರಣೆಯೆ?
ನಿಯಮ: ಹೊಸ ಷರತ್ತನ್ನು ಮುಂದಿಟ್ಟರೆ ಮೂಲ ಪ್ರಸ್ತಾವ ಅಲ್ಲಿಗೇ ಮುಗಿಯುತ್ತದೆ, ಅದನ್ನು ಆಮೇಲೆ ಅಂಗೀಕರಿಸಲು ಬರುವುದಿಲ್ಲ: ಹೈಡ್ ವಿರುದ್ಧ ರೆಂಚ್ (1840), ಜಮೀನಿಗೆ 1,000 ಪೌಂಡ್ ಎಂದಾಗ 950ಕ್ಕೆ ಕೇಳಿ, ಅದು ತಿರಸ್ಕೃತವಾದ ಮೇಲೆ 1,000ಕ್ಕೆ ಒಪ್ಪಿದ್ದು. ಮೂಲ ಪ್ರಸ್ತಾವವನ್ನು ತಿರಸ್ಕರಿಸದೆ ಕೇವಲ ವಿಚಾರಿಸಿದ್ದರೆ ಅದು ಜೀವಂತವಾಗಿ ಉಳಿಯುತ್ತದೆ: ಸ್ಟೀವನ್ಸನ್ ವಿರುದ್ಧ ಮೆಕ್‌ಲೀನ್ (1880), ಕಬ್ಬಿಣವನ್ನು ಎರಡು ತಿಂಗಳ ಅವಧಿಯಲ್ಲಿ ಪೂರೈಸಲು ಒಪ್ಪುವಿರಾ ಎಂದು ತಂತಿಯಲ್ಲಿ ಕೇಳಿದ್ದು.
ಕವಲು: ಬಳಸಿದ ಮಾತು ಪ್ರಶ್ನೆಯ ರೂಪದಲ್ಲಿದೆಯೆ, ಬೇಡಿಕೆಯ ರೂಪದಲ್ಲಿದೆಯೆ? ಮೂಲ ಷರತ್ತನ್ನು ನಿರಾಕರಿಸಿದೆಯೆ?
ಮುಂದೆ: ಪ್ರತಿಪ್ರಸ್ತಾವವಾಗಿದ್ದರೆ ಅದನ್ನು ಎದುರು ಪಕ್ಷ ಅಂಗೀಕರಿಸಿತೆ ಎಂದು ನೋಡು. ವಿಚಾರಣೆಯಾಗಿದ್ದರೆ ಹಿಂತೆಗೆತದ ಸಾಲಿಗೆ ಹೋಗು.

ಈ ಸಾಲಿನಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ತೀರ್ಪಿನ ಹೆಸರು ಮತ್ತು ವರ್ಷದ ಜೊತೆಗೆ ಅದರ ನಿರ್ಣಾಯಕ ಸಂಗತಿಯೂ ಅರ್ಧ ಸಾಲಿನಲ್ಲಿ ಇದೆ. ಬರಿಯ ಹೆಸರಿದ್ದರೆ ನಿಯಮಕ್ಕೆ ಆಧಾರ ತೋರಿಸಬಹುದೇ ಹೊರತು ಹೋಲಿಕೆ ಮಾಡಲಾಗದು. ಅನ್ವಯದ ಬಹುಪಾಲು ಹೋಲಿಕೆಯೇ ಆಗಿರುತ್ತದೆ. ಪ್ರಶ್ನೆಯಲ್ಲಿರುವ ಕಂತಿನ ಮಾತು ಹೈಡ್‌ನ 950 ಪೌಂಡಿಗೆ ಹತ್ತಿರವೆ, ಸ್ಟೀವನ್ಸನ್‌ನ ಎರಡು ತಿಂಗಳ ಅವಧಿಗೆ ಹತ್ತಿರವೆ ಎಂದು ಕೇಳಿಕೊಳ್ಳಬೇಕಾದರೆ ಆ ಎರಡು ಸಂಗತಿಗಳೂ ಕಣ್ಣೆದುರಿಗೆ ಇರಬೇಕು. ಎರಡು, ಕವಲಿನ ಜಾಗದಲ್ಲಿ ತೀರ್ಮಾನವಿಲ್ಲ, ತೀರ್ಮಾನವನ್ನು ಯಾವ ಸಂಗತಿ ಆ ಕಡೆಗೋ ಈ ಕಡೆಗೋ ಎಳೆಯುತ್ತದೆ ಎಂಬುದಷ್ಟೇ ಇದೆ. ಇಡೀ ಹಾಳೆಯಲ್ಲಿ ಅತ್ಯಂತ ಬೆಲೆಬಾಳುವ ಜಾಗ ಅದು, ಬರೆಯಲು ಅತ್ಯಂತ ಕಷ್ಟವಾದದ್ದೂ ಅದೇ. ಒಂದು ಸಾಲಿನ ಕವಲನ್ನು ಬರೆಯಲಾಗುತ್ತಿಲ್ಲ ಎಂದಾದರೆ ಆ ನಿಯಮ ನಿಮಗಿನ್ನೂ ಅರ್ಥವಾಗಿಲ್ಲವೆಂದು ತಿಳಿದು ತೀರ್ಪನ್ನು ಮತ್ತೊಮ್ಮೆ ಓದಿ.

ಸಾಲುಗಳ ಅನುಕ್ರಮವೂ ಮುಖ್ಯ. ಈ ವಿಷಯದಲ್ಲಿ ತರ್ಕ ಒಂದೇ ದಾರಿಯಲ್ಲಿ ಸಾಗುತ್ತದೆ: ಪ್ರಸ್ತಾವ ಹುಟ್ಟಿತೆ, ಅಂಗೀಕಾರದ ಹೊತ್ತಿಗೆ ಅದು ಬದುಕಿತ್ತೆ, ಅಂಗೀಕಾರ ಯಾವ ಕ್ಷಣದಲ್ಲಿ ಪೂರ್ಣವಾಯಿತು. ಮಧ್ಯದ ಪ್ರಶ್ನೆಗೆ ಉತ್ತರಿಸಲು ಮೂರನೆಯದರ ಉತ್ತರ ಬೇಕಾಗುತ್ತದೆ, ಏಕೆಂದರೆ ಹಿಂತೆಗೆತ ಮೊದಲೋ ಅಂಗೀಕಾರ ಮೊದಲೋ ಎಂಬುದು ಎರಡೂ ಜಾರಿಗೆ ಬರುವ ಕ್ಷಣಗಳ ಹೋಲಿಕೆಯಿಂದ ಮಾತ್ರ ಗೊತ್ತಾಗುತ್ತದೆ. ಅದಕ್ಕಾಗಿ ಹಾಳೆಯ ತಲೆಯಲ್ಲಿ ಒಂದು ಅಡ್ಡಗೆರೆಯನ್ನು ಖಾಲಿ ಬಿಡಿ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಓದುತ್ತ ಓದುತ್ತಲೇ ಕರಡು ಕಾಗದದ ಮೇಲೆ ಅಂಥದೇ ಗೆರೆಯನ್ನೆಳೆದು, ಪ್ರತಿಯೊಂದು ಸಂವಹನಕ್ಕೂ ಎರಡು ಗುರುತು ಹಾಕಬೇಕು: ಕಳುಹಿಸಿದ ಹೊತ್ತು ಒಂದು, ತಲುಪಿದ ಹೊತ್ತು ಇನ್ನೊಂದು. ಈ ವಿಷಯದಲ್ಲಿ ವಿವಾದಾಂಶಗಳು ಕೈತಪ್ಪುವುದು ಬಹುಪಾಲು ಆ ಎರಡು ಗುರುತುಗಳು ಒಂದಾಗಿ ಕಲಸಿಹೋಗುವುದರಿಂದ.

ಒಂದು ಸಮಸ್ಯೆಯನ್ನು ತೆಗೆದುಕೊಂಡು ಹಾಳೆ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ.

ಗಿರಿಜಾ ತನ್ನ ಮುದ್ರಣಯಂತ್ರವನ್ನು ನಿಗದಿತ ಬೆಲೆಯೊಂದಕ್ಕೆ ಮಾರುವುದಾಗಿ ಮೋಹನನಿಗೆ ಅಂಚೆಯಲ್ಲಿ ಪತ್ರ ಬರೆಯುತ್ತಾಳೆ. "ಶುಕ್ರವಾರದವರೆಗೆ ನಿಮಗಾಗಿ ಕಾದಿರಿಸುತ್ತೇನೆ" ಎಂದೂ ಸೇರಿಸುತ್ತಾಳೆ. ಪತ್ರ ಸೋಮವಾರ ಮೋಹನನಿಗೆ ತಲುಪುತ್ತದೆ. ಮಂಗಳವಾರ ಅವನು "ಹಣವನ್ನು ಎರಡು ಕಂತುಗಳಲ್ಲಿ ಕೊಡಬಹುದೆ?" ಎಂದು ಇಮೇಲ್ ಕಳುಹಿಸುತ್ತಾನೆ, ಅದಕ್ಕೆ ಉತ್ತರ ಬರುವುದಿಲ್ಲ. ಬುಧವಾರ ಗಿರಿಜಾ ಆ ಯಂತ್ರವನ್ನು ರಹೀಮನಿಗೆ ಮಾರಿ, ಪ್ರಸ್ತಾವವನ್ನು ಹಿಂತೆಗೆದುಕೊಂಡಿರುವುದಾಗಿ ಮೋಹನನಿಗೆ ಪತ್ರವೊಂದನ್ನು ಅಂಚೆಗೆ ಹಾಕುತ್ತಾಳೆ. ಗುರುವಾರ ಬೆಳಿಗ್ಗೆ ಮೋಹನನ ಲಾರಿ ಚಾಲಕ, "ಆ ಯಂತ್ರವನ್ನು ಯಾರದೋ ಲಾರಿಗೆ ಏರಿಸುತ್ತಿದ್ದರು, ಮಾರಿಬಿಟ್ಟರೋ ಏನೋ" ಎಂದು ಹೇಳುತ್ತಾನೆ. ಅದೇ ದಿನ ಮಧ್ಯಾಹ್ನ ಮೋಹನ ಮೂಲ ಷರತ್ತುಗಳಿಗೇ ಒಪ್ಪಿ ಪತ್ರ ಬರೆದು ಅಂಚೆಗೆ ಹಾಕುತ್ತಾನೆ. ಗಿರಿಜಾಳ ಹಿಂತೆಗೆತದ ಪತ್ರ ಮೋಹನನಿಗೆ ಶುಕ್ರವಾರ ಸಿಗುತ್ತದೆ. ಮೋಹನನ ಪತ್ರ ಗಿರಿಜಾಳಿಗೆ ಶನಿವಾರ ತಲುಪುತ್ತದೆ. ಮೋಹನನಿಗೆ ಸಲಹೆ ನೀಡಿ.

ಹಾಳೆಯ ಎಡ ಅಂಚಿನ ಮೇಲೆ ಕಣ್ಣಾಡಿಸುತ್ತ ಪ್ರಶ್ನೆಯನ್ನು ಓದಿದರೆ ಸಾಲುಗಳು ತಾವಾಗಿಯೇ ಎದ್ದುಬರುತ್ತವೆ. ಎಲ್ಲಕ್ಕೂ ಒಂದೇ ತೂಕ ಕೊಡಬಾರದು. ಗಿರಿಜಾಳ ಮೊದಲ ಪತ್ರ ನಿರ್ದಿಷ್ಟ ವ್ಯಕ್ತಿಗೆ ನಿರ್ದಿಷ್ಟ ಬೆಲೆಯೊಂದಿಗೆ ಬರೆದದ್ದು, ಅದು ಪ್ರಸ್ತಾವವೇ. ಇದಕ್ಕೆ ಒಂದು ವಾಕ್ಯ ಸಾಕು. ಜಾಹೀರಾತು ಮತ್ತು ಪ್ರಸ್ತಾವಕ್ಕೆ ಆಹ್ವಾನದ ನಡುವಿನ ವ್ಯತ್ಯಾಸದ ಮೇಲೆ ನಿಮ್ಮ ನೋಟ್ಸಿನಲ್ಲಿ ಅರ್ಧ ಪುಟ ಇದ್ದರೂ ಇಲ್ಲಿ ಅದನ್ನು ಇಳಿಸಬೇಡಿ. "ಶುಕ್ರವಾರದವರೆಗೆ ಕಾದಿರಿಸುತ್ತೇನೆ" ಎಂಬ ಭರವಸೆಗೆ ಎರಡು ಮೂರು ವಾಕ್ಯ: ಪ್ರತಿಫಲವಿಲ್ಲದ ಅಂಥ ಭರವಸೆ ಪ್ರಸ್ತಾವಕರನ್ನು ಕಟ್ಟಿಹಾಕುವುದಿಲ್ಲವೆಂದು ರೌಟ್ಲೆಜ್ ವಿರುದ್ಧ ಗ್ರಾಂಟ್ (1828) ತೀರ್ಪು ಹೇಳುತ್ತದೆ, ಮೋಹನ ಅದಕ್ಕಾಗಿ ಏನನ್ನೂ ಕೊಟ್ಟಿಲ್ಲ, ಆದ್ದರಿಂದ ಗಿರಿಜಾ ಶುಕ್ರವಾರಕ್ಕೆ ಮುಂಚೆಯೇ ಹಿಂತೆಗೆದುಕೊಳ್ಳಬಹುದಿತ್ತು. ಕಂತಿನ ಇಮೇಲ್‌ಗೆ ಇನ್ನಷ್ಟು ಜಾಗ ಬೇಕು, ಆದರೆ ಅದು ಬಹುಮಟ್ಟಿಗೆ ಸ್ಟೀವನ್ಸನ್‌ನ ಕಡೆಗೇ ವಾಲುತ್ತದೆ: ಮಾತು ಪ್ರಶ್ನೆಯ ರೂಪದಲ್ಲಿದೆ, ಬೆಲೆಯನ್ನು ಮುಟ್ಟಿಲ್ಲ, ಮೂಲ ಷರತ್ತನ್ನು ಬೇಡವೆಂದಿಲ್ಲ.

ಹಿಂತೆಗೆತದ ಪತ್ರಕ್ಕೂ ಉತ್ತರ ಸ್ಪಷ್ಟವಾಗಿದೆ. ಹಿಂತೆಗೆತ ಜಾರಿಗೆ ಬರುವುದು ತಲುಪಿದಾಗಲೇ ಹೊರತು ಅಂಚೆಗೆ ಹಾಕಿದಾಗಲ್ಲ ಎಂಬುದು ಬೈರ್ನ್ ವಿರುದ್ಧ ವ್ಯಾನ್ ಟೀನ್‌ಹೋವನ್ (1880) ತೀರ್ಪಿನ ನಿಯಮ. ಆ ಪ್ರಕರಣದಲ್ಲಿ ಅಕ್ಟೋಬರ್ 8ರಂದು ಅಂಚೆಗೆ ಹಾಕಿದ ಹಿಂತೆಗೆತ ತಲುಪಿದ್ದು 20ರಂದು. ಅಷ್ಟರೊಳಗೆ 11ರಂದೇ ತಂತಿಯ ಮೂಲಕ ಅಂಗೀಕಾರ ಹೋಗಿತ್ತು, ಹೀಗಾಗಿ ಕರಾರು ಉಂಟಾಗಿತ್ತು. ಗಿರಿಜಾಳ ಪತ್ರ ಬುಧವಾರ ಹೊರಟಿದ್ದರೂ ಅದರ ಪರಿಣಾಮ ಶುಕ್ರವಾರದಿಂದ ಮಾತ್ರ.

ಪ್ರಶ್ನೆಯ ಹೃದಯವಿರುವುದು ಚಾಲಕನ ಮಾತಿನಲ್ಲಿ. ಇದನ್ನು ಹೇಗೆ ಗುರುತಿಸುವುದೆಂದರೆ, ಅಳಿಸಿ ನೋಡುವ ಪರೀಕ್ಷೆಯನ್ನು ಇಲ್ಲಿಯೂ ಮಾಡಬಹುದು. ಗುರುವಾರದ ಆ ಒಂದು ವಾಕ್ಯವನ್ನು ತೆಗೆದುಬಿಟ್ಟರೆ ಮೋಹನ ಸುಲಭವಾಗಿ ಗೆಲ್ಲುತ್ತಾನೆ, ಇದ್ದರೆ ಸೋಲಬಹುದು. ಜೊತೆಗೆ ಪ್ರಶ್ನೆ ತೆಗೆದವರು "ಮಾರಿಬಿಟ್ಟರೋ ಏನೋ" ಎಂದು ಬೇಕೆಂದೇ ಅನಿಶ್ಚಿತವಾಗಿ ಬರೆದಿದ್ದಾರೆ. ಎರಡೂ ಕಡೆ ವಾದಕ್ಕೆ ಎಡೆಯಿರುವ ಇಂಥ ಜಾಗದಲ್ಲಿಯೇ ಹೆಚ್ಚಿನ ಅಂಕಗಳಿರುತ್ತವೆ, ನಿಮ್ಮ ಬರವಣಿಗೆಯ ಸಮಯದ ದೊಡ್ಡ ಪಾಲೂ ಅಲ್ಲಿಗೇ ಹೋಗಬೇಕು. ಈ ಸಾಲಿಗೆ ನಿಮ್ಮ ಹಾಳೆ ಕೊಡುವುದು ನಿಯಮವನ್ನು ಮತ್ತು ಕವಲನ್ನು: ಡಿಕಿನ್ಸನ್ ವಿರುದ್ಧ ಡಾಡ್ಸ್ (1876), ಶುಕ್ರವಾರದವರೆಗೆ ತೆರೆದಿಟ್ಟ ಮನೆಯ ಪ್ರಸ್ತಾವ, ಗುರುವಾರ ಮೂರನೆಯವರಿಂದ ಮಾರಾಟದ ಸುದ್ದಿ ತಿಳಿದದ್ದು, ಕವಲಿನಲ್ಲಿ, ಸುದ್ದಿ ಎಷ್ಟು ಖಚಿತ, ಹೇಳಿದವರು ಎಷ್ಟು ನಂಬಲರ್ಹರು, ಕೇಳಿದವರು ಹೇಗೆ ವರ್ತಿಸಿದರು. ಉಳಿದದ್ದನ್ನು ನೀವು ಅಲ್ಲಿಯೇ ಬರೆಯಬೇಕು. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

"ಗುರುವಾರ ಬೆಳಿಗ್ಗೆ ಚಾಲಕನಿಂದ ಬಂದ ಸುದ್ದಿಯಿಂದಲೇ ಪ್ರಸ್ತಾವ ಕೊನೆಗೊಂಡಿತೆ ಎಂಬುದು ಮುಂದಿನ ವಿವಾದಾಂಶ. ಹಿಂತೆಗೆತವನ್ನು ಪ್ರಸ್ತಾವಕರೇ ಖುದ್ದಾಗಿ ತಿಳಿಸಬೇಕೆಂದಿಲ್ಲ. ಪ್ರಸ್ತಾವಕರಿಗೆ ಮಾರುವ ಮನಸ್ಸು ಈಗ ಇಲ್ಲವೆಂಬುದು ಮೂರನೆಯವರ ಮೂಲಕ ಸ್ಪಷ್ಟವಾಗಿ ತಿಳಿದ ಮೇಲೆ ಅಂಗೀಕರಿಸಲು ಬರುವುದಿಲ್ಲ (ಡಿಕಿನ್ಸನ್ ವಿರುದ್ಧ ಡಾಡ್ಸ್, 1876). ಆ ಪ್ರಕರಣದಂತೆ ಇಲ್ಲಿಯೂ ಸುದ್ದಿ ಬಂದದ್ದು ಅಂಗೀಕಾರಕ್ಕೆ ಮುಂಚೆ. ಚಾಲಕ ಮೋಹನನ ಸ್ವಂತ ಕೆಲಸಗಾರ, ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ, ಮತ್ತು ಯಂತ್ರವನ್ನು ಲಾರಿಗೆ ಏರಿಸುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಮೋಹನ ಅದೇ ಮಧ್ಯಾಹ್ನ ಅವಸರದಿಂದ ಪತ್ರ ಬರೆದದ್ದನ್ನು ನೋಡಿದರೆ ಅವನೂ ಆ ಸುದ್ದಿಯನ್ನು ನಂಬಿದ್ದನೆಂದು ಗಿರಿಜಾ ವಾದಿಸಬಹುದು. ಆದರೆ ಡಿಕಿನ್ಸನ್‌ನಲ್ಲಿ ತಿಳಿದದ್ದು ಮಾರಾಟದ ವಿಷಯ. ಇಲ್ಲಿ ಚಾಲಕ ಕಂಡದ್ದು ಸಾಗಣೆಯನ್ನು ಮಾತ್ರ. ಮಾರಾಟ ಎಂಬುದು ಅವನ ಊಹೆ, ಅದನ್ನು ಅವನು 'ಏನೋ' ಎಂದೇ ಹೇಳಿದ್ದಾನೆ. ಯಂತ್ರ ದುರಸ್ತಿಗೋ ಸ್ಥಳಾಂತರಕ್ಕೋ ಹೊರಟಿರಲೂ ಸಾಧ್ಯವಿತ್ತು, ಮತ್ತು ಶುಕ್ರವಾರದವರೆಗೆ ಕಾದಿರಿಸುವುದಾಗಿ ಗಿರಿಜಾಳೇ ಬರೆದಿದ್ದಳು. ಆದ್ದರಿಂದ ಮಾರುವ ಮನಸ್ಸು ಬದಲಾಯಿತೆಂಬುದು ಮೋಹನನಿಗೆ ಸ್ಪಷ್ಟವಾಗಿ ತಿಳಿದಿತ್ತೆನ್ನಲಾಗದು. ಪ್ರಸ್ತಾವ ಗುರುವಾರ ಮಧ್ಯಾಹ್ನದವರೆಗೂ ಬದುಕಿತ್ತೆಂಬ ವಾದ ಹೆಚ್ಚು ಬಲವಾದದ್ದು."

ಇದರ ವಿರುದ್ಧದ ತೀರ್ಮಾನಕ್ಕೆ ಬಂದರೂ ಅಂಕ ಕಡಿಮೆಯಾಗಬೇಕಿಲ್ಲ. ಪ್ಯಾರಾದ ಪ್ರತಿಯೊಂದು ಹೆಜ್ಜೆಯೂ ಪ್ರಶ್ನೆಯಲ್ಲಿರುವ ಒಂದು ಸಂಗತಿಯನ್ನು ಹಿಡಿದು ಅದು ಯಾರ ಪರವಾಗಿ ಏಕೆ ನಿಲ್ಲುತ್ತದೆಂದು ಹೇಳುತ್ತಿದೆಯೆ ಎಂಬುದೇ ಅಲ್ಲಿ ಮುಖ್ಯ. ದುರಸ್ತಿಯ ಸಾಧ್ಯತೆಯನ್ನು ಪ್ರಶ್ನೆ ಹೇಳಿರಲಿಲ್ಲ, ನಾನು ಅದನ್ನು ಸಂಗತಿಯಾಗಿ ಸೇರಿಸಲೂ ಇಲ್ಲ. ಕೊಟ್ಟ ಸಂಗತಿಯಿಂದ ಎರಡು ಊಹೆಗಳು ಹೊರಡುತ್ತವೆಂದು ತೋರಿಸಿದೆ, ಅಷ್ಟೆ. ಸಂಗತಿಯನ್ನು ಕಲ್ಪಿಸಿಕೊಳ್ಳುವುದು ತಪ್ಪು, ಸಂಗತಿಯ ಎರಡು ಓದುಗಳನ್ನು ತೋರಿಸುವುದು ಅನ್ವಯ.

ಇನ್ನು ಅಂಗೀಕಾರದ ಕ್ಷಣ. ಅಂಚೆಯ ಮೂಲಕ ಅಂಗೀಕರಿಸುವುದು ಸಹಜವಾಗಿದ್ದಲ್ಲಿ ಪತ್ರವನ್ನು ಅಂಚೆಗೆ ಹಾಕಿದಾಗಲೇ ಅಂಗೀಕಾರ ಪೂರ್ಣವಾಗುತ್ತದೆ ಎಂಬ ನಿಯಮದ ಮೂಲ ಆಡಮ್ಸ್ ವಿರುದ್ಧ ಲಿಂಡ್ಸೆಲ್ (1818). ಗಿರಿಜಾಳೇ ಅಂಚೆಯಲ್ಲಿ ಪ್ರಸ್ತಾವ ಕಳುಹಿಸಿದ್ದರಿಂದ ಅಂಚೆಯಲ್ಲಿ ಉತ್ತರಿಸುವುದು ಸಹಜವೇ. ಹಾಗಿದ್ದರೆ ಕರಾರು ಗುರುವಾರ ಮಧ್ಯಾಹ್ನವೇ ಉಂಟಾಯಿತು; ಶುಕ್ರವಾರದ ಹಿಂತೆಗೆತ ತಡವಾಯಿತು. ಇಲ್ಲಿಗೆ ಬಹಳಷ್ಟು ವಿದ್ಯಾರ್ಥಿಗಳು ಪೆನ್ನು ಕೆಳಗಿಡುತ್ತಾರೆ. ಆದರೆ ಪ್ರಶ್ನೆಯಲ್ಲಿ ಇನ್ನೂ ಬಳಸದ ಸಂಗತಿಯೊಂದು ಉಳಿದಿದೆ: ಪತ್ರ ತಲುಪಿದ್ದು ಶನಿವಾರ, ಗಡುವು ಶುಕ್ರವಾರ. ಅಂಚೆ ನಿಯಮ ಅನ್ವಯಿಸಿದರೆ ಶನಿವಾರಕ್ಕೆ ಯಾವ ಮಹತ್ವವೂ ಇಲ್ಲ. ಪ್ರಸ್ತಾವದ ಮಾತುಗಳಿಂದ ಆ ನಿಯಮ ಹೊರಗುಳಿದಿದ್ದರೆ ಮೋಹನ ಎರಡು ಬಾರಿ ಸೋಲುತ್ತಾನೆ: ಶುಕ್ರವಾರದ ಹಿಂತೆಗೆತ ಮೊದಲು ತಲುಪಿತು, ಅಲ್ಲದೆ ಗಡುವೂ ಮೀರಿತು. ಹಾಲ್‌ವೆಲ್ ಸೆಕ್ಯೂರಿಟೀಸ್ ವಿರುದ್ಧ ಹ್ಯೂಸ್ (1974) ಪ್ರಕರಣದಲ್ಲಿ ಲಿಖಿತ ಸೂಚನೆ ಪ್ರಸ್ತಾವಕರಿಗೆ ಮುಟ್ಟಬೇಕೆಂಬ ಅರ್ಥ ಕೊಡುವ ಷರತ್ತಿದ್ದುದರಿಂದ ಅಂಚೆ ನಿಯಮ ಅನ್ವಯಿಸಲಿಲ್ಲ. ಗಿರಿಜಾಳ ಪತ್ರದಲ್ಲಿ ಅಂಥ ಷರತ್ತಿಲ್ಲ; "ಕಾದಿರಿಸುತ್ತೇನೆ" ಎಂಬ ಮಾತಿನಿಂದ ಉತ್ತರ ಕೈಗೆ ಮುಟ್ಟಲೇಬೇಕೆಂಬ ಅರ್ಥ ಹೊರಡುವುದು ಕಷ್ಟ. ಈ ನಾಲ್ಕು ವಾಕ್ಯಗಳು ಉತ್ತರಕ್ಕೆ ಬರಬೇಕಾದರೆ ಹಾಳೆಯ ಅಂಚೆ ಸಾಲಿನ "ಮುಂದೆ" ಎಂಬ ಜಾಗದಲ್ಲಿ "ಅನ್ವಯಿಸದಿದ್ದರೆ? ಗಡುವನ್ನು ಮತ್ತೊಮ್ಮೆ ನೋಡು" ಎಂದು ಬರೆದಿರಬೇಕು.

ಚಾಲಕನ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅವನ ಮಾತಿನಿಂದ ಪ್ರಸ್ತಾವ ಕೊನೆಗೊಂಡಿತೆಂದು ನೀವು ತೀರ್ಮಾನಿಸಿದ್ದರೂ ಉತ್ತರವನ್ನು ಅಲ್ಲಿಗೆ ನಿಲ್ಲಿಸಬಾರದು. "ನ್ಯಾಯಾಲಯ ಬೇರೆ ನಿಲುವು ತಳೆದರೆ" ಎಂದು ಆರಂಭಿಸಿ ಅಂಚೆ ನಿಯಮದವರೆಗೂ ಹೋಗಬೇಕು. ಮೊದಲ ಬಾಗಿಲು ಮುಚ್ಚಿತೆಂದು ಹೊರಟುಬಂದರೆ ಒಳಗಿನ ಕೋಣೆಗಳಲ್ಲಿ ಇಟ್ಟಿದ್ದ ಅಂಕಗಳು ಅಲ್ಲಿಯೇ ಉಳಿಯುತ್ತವೆ.

ಪರಿಹಾರದ ಪ್ರಶ್ನೆಗೆ ಎರಡು ವಾಕ್ಯ ಸಾಕು: ಯಂತ್ರ ರಹೀಮನ ಕೈಸೇರಿರುವುದರಿಂದ ಮೋಹನ ಸಾಮಾನ್ಯವಾಗಿ ಕೇಳಬಹುದಾದದ್ದು ಗಿರಿಜಾಳಿಂದ ನಷ್ಟ ಪರಿಹಾರ. ಪ್ರಶ್ನೆ ಇದರ ಬಗ್ಗೆ ಬೇರೆ ಸಂಗತಿಗಳನ್ನು ಕೊಟ್ಟಿಲ್ಲವಾದ್ದರಿಂದ ಮುಂದೆ ಹೋಗುವ ಅಗತ್ಯವಿಲ್ಲ.

ಈಗ ಅನ್ವಯ ಇಲ್ಲವೆಂಬ ದೂರಿಗೆ ಬರುತ್ತೇನೆ. ಅದನ್ನು ನೀವೇ ಪತ್ತೆಹಚ್ಚಲು ಸರಳ ದಾರಿಯಿದೆ. ನಿಮ್ಮ ಹಳೆಯ ಉತ್ತರವನ್ನು ತೆಗೆದುಕೊಂಡು ಪಕ್ಷಗಾರರ ಹೆಸರುಗಳನ್ನು ಬದಲಾಯಿಸಿ ಓದಿ. ಬೇರೊಂದು ಪ್ರಶ್ನೆಗೂ ಹಾಗೆಯೇ ಹೊಂದುವ ಪ್ಯಾರಾ ಅನ್ವಯವಲ್ಲ. ಅದು ನಿಯಮವನ್ನೇ ಹೆಸರು ಸೇರಿಸಿ ಎರಡನೆಯ ಬಾರಿ ಹೇಳಿದ್ದು. "ಮೋಹನನ ಇಮೇಲ್ ಕೇವಲ ವಿಚಾರಣೆಯಾಗಿರುವುದರಿಂದ ಪ್ರಸ್ತಾವ ಉಳಿಯುತ್ತದೆ" ಎಂಬ ವಾಕ್ಯ ನೋಡಲು ಅನ್ವಯದಂತಿದೆ, ಆದರೆ ಅದು ವಿಚಾರಣೆ ಏಕೆ ಆಯಿತು ಎಂಬುದನ್ನು ಹೇಳುವುದೇ ಇಲ್ಲ. "ಏಕೆಂದರೆ" ಎಂಬ ಪದದ ನಂತರ ಪ್ರಶ್ನೆಪತ್ರಿಕೆಯಿಂದ ಎತ್ತಿದ ಒಂದು ಸಂಗತಿ ಬಂದಿದೆಯೆ ಎಂದು ಪ್ರತಿ ಪ್ಯಾರಾದಲ್ಲೂ ಹುಡುಕಿ. ಕೈತಪ್ಪಿದ ವಿವಾದಾಂಶಗಳಿಗೆ ಇದರ ಜೊತೆಗಾರ ಪರೀಕ್ಷೆ ಇದೆ: ಉತ್ತರದಲ್ಲಿ ಬಳಸಿದ ಸಂಗತಿಗಳನ್ನು ಪ್ರಶ್ನೆಯಲ್ಲಿ ಒಂದೊಂದಾಗಿ ಹೊಡೆದುಹಾಕುತ್ತ ಬನ್ನಿ. ಕೊನೆಗೆ ಹೊಡೆಯದೆ ಉಳಿದ ವಾಕ್ಯವೇ ಸಾಮಾನ್ಯವಾಗಿ ನೀವು ಬಿಟ್ಟ ವಿವಾದಾಂಶ. ಕೆಲವೊಮ್ಮೆ ಅದು ಬರಿಯ ಹಿನ್ನೆಲೆಯ ವಿವರವೂ ಆಗಿರಬಹುದು, ಆದರೆ ಹಾಗೆಂದು ತೀರ್ಮಾನಿಸುವ ಮುನ್ನ ಒಂದು ಕ್ಷಣ ಯೋಚಿಸಿ.

ಟೆಂಪ್ಲೇಟಿಗೆ ತನ್ನದೇ ಆದ ಒಂದು ಅಪಾಯವೂ ಇದೆ. ಹಾಳೆಯಲ್ಲಿ ಹತ್ತು ಸಾಲುಗಳಿವೆ ಎಂದು ಹತ್ತಕ್ಕೂ ಉತ್ತರ ಬರೆಯುವವರಿದ್ದಾರೆ. ಮೇಲಿನ ಪ್ರಶ್ನೆಯಲ್ಲಿ ಮೌನದಿಂದ ಅಂಗೀಕಾರವಾಗುವುದೆ ಎಂಬ ಸಾಲಿಗೆ ಸುಳಿವೇ ಇಲ್ಲ. ಕಂತಿನ ಇಮೇಲ್‌ಗೆ ಗಿರಿಜಾ ಉತ್ತರಿಸಲಿಲ್ಲವೆಂಬುದು ಮೇಲ್ನೋಟಕ್ಕೆ ಮೌನದಂತೆ ಕಂಡರೂ, ಮೋಹನ ಕಡೆಗೆ ಒಪ್ಪಿದ್ದು ಮೂಲ ಷರತ್ತಿಗೆ. ಕಂತಿನ ಷರತ್ತಿಗೆ ಕರಾರು ಆಯಿತೆಂದು ಯಾರೂ ಹೇಳುತ್ತಿಲ್ಲ. ಸುಳಿವಿಲ್ಲದ ಸಾಲನ್ನು ದಾಟಿ ಹೋಗುವುದೂ ಹಾಳೆಯನ್ನು ಬಳಸುವ ವಿಧಾನದ ಭಾಗವೇ.

ನಿಯಮದ ಜಾಗವನ್ನು ಪ್ರಶ್ನೆ ಮತ್ತು ಕವಲಿನಿಂದ ಬೇರೆಯಾಗಿಯೇ ಇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇದೇ ಸಂಗತಿಗಳು ಎರಡು ದೇಶಗಳ ವ್ಯಾಪಾರಿಗಳ ನಡುವೆ ನಡೆದು, ಸರಕುಗಳ ಅಂತರರಾಷ್ಟ್ರೀಯ ಮಾರಾಟದ ಕುರಿತ 1980ರ ವಿಯೆನ್ನಾ ಒಪ್ಪಂದ ಅನ್ವಯಿಸುತ್ತದೆಂದು ಇಟ್ಟುಕೊಳ್ಳಿ. ಪ್ರಶ್ನೆಗಳು ಅವೇ, ಉತ್ತರಗಳು ಬೇರೆ. ಅದರ 18ನೆಯ ವಿಧಿಯ ಪ್ರಕಾರ ಅಂಗೀಕಾರ ಜಾರಿಗೆ ಬರುವುದು ಪ್ರಸ್ತಾವಕರಿಗೆ ತಲುಪಿದಾಗ. 16ನೆಯ ವಿಧಿಯ ಪ್ರಕಾರ ಅಂಗೀಕಾರವನ್ನು ಕಳುಹಿಸುವ ಮುನ್ನ ಹಿಂತೆಗೆತ ತಲುಪಿರಬೇಕು, ಮತ್ತು ಅಂಗೀಕಾರಕ್ಕೆ ನಿಗದಿತ ಅವಧಿಯನ್ನು ಹೇಳುವ ಮೂಲಕ ಪ್ರಸ್ತಾವ ಹಿಂತೆಗೆಯಲಾಗದ್ದೆಂದು ಸೂಚಿಸಿದ್ದರೆ ಪ್ರತಿಫಲವಿಲ್ಲದಿದ್ದರೂ ಅದನ್ನು ಹಿಂತೆಗೆಯಲಾಗದು. ಆಗ "ಶುಕ್ರವಾರದವರೆಗೆ" ಎಂಬ ಮಾತು ಇದ್ದಕ್ಕಿದ್ದಂತೆ ಮೋಹನನ ಅತಿದೊಡ್ಡ ಬಲವಾಗುತ್ತದೆ, ಶನಿವಾರ ಅವನ ಅತಿದೊಡ್ಡ ತೊಡಕಾಗುತ್ತದೆ. ಹಾಳೆಯಲ್ಲಿ ನಿಯಮವೊಂದು ಬದಲಾದಾಗ ಆ ಒಂದು ಜಾಗವನ್ನಷ್ಟೇ ತಿದ್ದಿದರೆ ಸಾಕಾಗುವಂತಿರಬೇಕು.

ಗಾತ್ರದ ಬಗ್ಗೆ ಹೇಳುವುದಾದರೆ, ಒಂದು ವಿಷಯಕ್ಕೆ ಒಂದೇ ಹಾಳೆ, ಅದರ ಎರಡು ಬದಿ. ಅದಕ್ಕಿಂತ ಹೆಚ್ಚಾದರೆ ಕಣ್ಣಾಡಿಸುವ ಹಾಳೆಯಾಗಿ ಉಳಿಯದೆ ಮತ್ತೆ ನೋಟ್ಸೇ ಆಗುತ್ತದೆ. ದಪ್ಪ ನೋಟ್ಸನ್ನು ಎಸೆಯಬೇಕಿಲ್ಲ. ಪುಟಸಂಖ್ಯೆ ಹಾಕಿ, ಹಾಳೆಯ ಪ್ರತಿ ಸಾಲಿನ ಕೊನೆಯಲ್ಲಿ ಆ ಸಂಖ್ಯೆಯನ್ನು ಬರೆದುಕೊಳ್ಳಿ. ತೆರೆದ ಪುಸ್ತಕದ ಪರೀಕ್ಷೆಯಲ್ಲಿ ಪುಸ್ತಕ ತೆರೆಯುವುದು ಖಚಿತಪಡಿಸಿಕೊಳ್ಳಲು ಮಾತ್ರ, ಕಲಿಯಲು ಅಲ್ಲ. ಬಣ್ಣಬಣ್ಣದ ಟ್ಯಾಗುಗಳನ್ನು ಅಂಟಿಸುವುದರಲ್ಲಿ ಒಂದು ದಿನವನ್ನು ಕಳೆಯುವುದಕ್ಕಿಂತ ಆ ದಿನ ಇನ್ನೆರಡು ಹಳೆಯ ಪ್ರಶ್ನೆಗಳನ್ನು ಬಿಡಿಸುವುದು ಲೇಸು.

ಮೂರು ಗಂಟೆಗೆ ಮೂರು ಪ್ರಶ್ನೆಗಳೆಂದರೆ ಒಂದಕ್ಕೆ 60 ನಿಮಿಷ. ಮೊದಲ 15 ನಿಮಿಷ ಓದಿಗೆ, ಗೆರೆಯೆಳೆದು ದಿನಗಳನ್ನು ಗುರುತಿಸುವುದಕ್ಕೆ, ಸಾಲುಗಳನ್ನು ಆರಿಸಿ ಪ್ರತಿಯೊಂದರ ಪಕ್ಕದಲ್ಲಿ "ಒಂದು ವಾಕ್ಯ", "ಒಂದು ಪ್ಯಾರಾ", "ದೊಡ್ಡದು" ಎಂದು ತೂಕ ಬರೆದುಕೊಳ್ಳುವುದಕ್ಕೆ. ಮುಂದಿನ 40 ನಿಮಿಷ ಬರವಣಿಗೆಗೆ. ಕೊನೆಯ 5 ನಿಮಿಷ ಹೊಡೆಯದೆ ಉಳಿದ ಸಂಗತಿಗಳನ್ನು ಹುಡುಕುವುದಕ್ಕೆ. ಆರಂಭದ 15 ನಿಮಿಷಗಳಲ್ಲಿ ಪಕ್ಕದವರು ಬರೆಯಲು ತೊಡಗಿರುತ್ತಾರೆ, ಮನಸ್ಸು ಗಲಿಬಿಲಿಗೊಳ್ಳುತ್ತದೆ. ಆ ಸಮಯವನ್ನು ಮಾತ್ರ ಕಡಿತಗೊಳಿಸಬೇಡಿ, ವಿವಾದಾಂಶಗಳು ಸಿಗುವುದೇ ಆಗ.

ಎರಡು ಎಚ್ಚರಿಕೆಗಳನ್ನು ಹೇಳಿಬಿಡುತ್ತೇನೆ. ಸ್ವಂತ ಟಿಪ್ಪಣಿಗೆ ಅವಕಾಶವಿದೆಯೆ ಅಥವಾ ಮುದ್ರಿತ ಶಾಸನ ಮಾತ್ರವೆ ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಸೂಚನೆಯನ್ನು ಬರಹದಲ್ಲಿಯೇ ನೋಡಿಕೊಳ್ಳಿ. ಉತ್ತರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಪರೀಕ್ಷೆಯಾದರೆ ನಿಯಮದ ವಾಕ್ಯಗಳು ನಿಮ್ಮ ಸ್ವಂತ ಮಾತಿನಲ್ಲೇ ಇರಬೇಕು, ಏಕೆಂದರೆ ಪಠ್ಯಪುಸ್ತಕದಿಂದ ಎತ್ತಿದ ವಾಕ್ಯ ಕೃತಿಚೌರ್ಯವೆನಿಸಬಹುದು. ಇನ್ನೊಂದು, "ಅಂಚೆ ನಿಯಮಕ್ಕೆ ಇಂದು ಅರ್ಥವಿದೆಯೆ, ವಿಮರ್ಶಿಸಿ" ಎಂಬಂಥ ಪ್ರಬಂಧ ರೂಪದ ಪ್ರಶ್ನೆಗೆ ಈ ಹಾಳೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ನಿಯಮದ ಹಿಂದಿನ ಕಾರಣಗಳ ಚರ್ಚೆ, ಸಂಗತಿಗಳ ಜೋಡಣೆಯಲ್ಲ.

ಹಾಳೆ ಸಿದ್ಧವಾದ ಮೇಲೆ ನೀವು ಹಿಂದೆಂದೂ ನೋಡಿರದ ಹಳೆಯ ಪ್ರಶ್ನೆಯೊಂದನ್ನು ತೆಗೆದುಕೊಂಡು, ಆ ಒಂದು ಹಾಳೆಯನ್ನು ಮಾತ್ರ ಮುಂದಿಟ್ಟುಕೊಂಡು 60 ನಿಮಿಷಗಳಲ್ಲಿ ಉತ್ತರ ಬರೆಯಿರಿ. ಬರೆದ ನಂತರ ಉತ್ತರಕ್ಕಿಂತ ಮೊದಲು ಹಾಳೆಯನ್ನು ತಿದ್ದಿ: ಯಾವ ಸಂಗತಿಗೆ ಎಡ ಅಂಚಿನಲ್ಲಿ ಸುಳಿವು ಇರಲಿಲ್ಲ, ಯಾವ ಕವಲು ಕೈಹಿಡಿಯಲಿಲ್ಲ, ಯಾವ ನಿಯಮವನ್ನು ಬರೆಯಲು ದಪ್ಪ ನೋಟ್ಸ್ ಬೇಕೆನಿಸಿತು ಎಂಬುದನ್ನು ಅಲ್ಲಿಯೇ ಸೇರಿಸಿ. ಹೊಸ ಪ್ರಶ್ನೆಯೊಂದನ್ನು ಬರೆದ ಮೇಲೂ ಹಾಳೆಯಲ್ಲಿ ಸೇರಿಸಬೇಕಾದದ್ದು ಏನೂ ಉಳಿಯದಿದ್ದಾಗ ಆ ವಿಷಯದ ಹಾಳೆ ಪೂರ್ಣವಾಯಿತೆಂದು ತಿಳಿದು ಮುಂದಿನ ವಿಷಯಕ್ಕೆ ಹೋಗಬಹುದು.